ಎಆರ್‌ಎಸ್ ತಯಾರಿ: ಒಂದು ಪ್ರಶ್ನೆ, ಮೂರು ವಿಷಯ

ಅತಿ ಹೆಚ್ಚು ಇಳುವರಿ ಕೊಡುವ ಗೊಬ್ಬರದ ಪ್ರಮಾಣವೇ
ಅತಿ ಹೆಚ್ಚು ಲಾಭವನ್ನೂ ಕೊಡುತ್ತದೆಯೇ?

ಕೃಷಿ ಸಂಶೋಧನಾ ಸೇವೆಯ, ಅಂದರೆ ಎಆರ್‌ಎಸ್‌ನ, ಪರೀಕ್ಷೆಯಲ್ಲಿ
ಅಭ್ಯರ್ಥಿಯು ಆಯ್ದುಕೊಳ್ಳುವುದು ಒಂದೇ ವಿಷಯವಾದರೂ,
ಬೇಸಾಯಶಾಸ್ತ್ರದ ಪ್ರಶ್ನೆಗಳು ಮಣ್ಣನ್ನೂ ಅರ್ಥಶಾಸ್ತ್ರವನ್ನೂ ತಾಕುವುದರಿಂದ,
ಮೂರನ್ನೂ ಒಂದೇ ಪ್ರಶ್ನೆಯ ಸುತ್ತ ವಾರಕ್ಕೊಮ್ಮೆ ಹೆಣೆದು ಓದುವುದು ಮೇಲು.

ಮುಸುಕಿನ ಜೋಳಕ್ಕೆ ಸಾರಜನಕವೆಷ್ಟು ಎಂಬುದು ಅಂಥದೊಂದು ಪ್ರಶ್ನೆ.

ಮೊದಲು ಬೇಸಾಯಶಾಸ್ತ್ರ.
ಹೆಕ್ಟೇರಿಗೆ N ಕಿಲೋ ಸಾರಜನಕ ಕೊಟ್ಟಾಗ,
ಮುಂದಿನ ಪ್ರತಿ ಕಿಲೋದಿಂದ ಸಿಗುವ ಹೆಚ್ಚುವರಿ ಜೋಳ
18 − 0.15N ಕಿಲೋ ಎಂದು ಭಾವಿಸಿದರೆ,
ಅದು ಸೊನ್ನೆಯಾಗುವ 120 ಕಿಲೋದಲ್ಲಿ ಇಳುವರಿ ಗರಿಷ್ಠ.

ಇನ್ನು ಅರ್ಥಶಾಸ್ತ್ರ.
ಒದ್ದೆ ಬಟ್ಟೆ ಹಿಂಡುವಾಗ ಕೊನೆಯ ಹನಿಗೇ ಹೆಚ್ಚು ಬಲ ಬೇಕಾಗುವಂತೆ,
ಇಲ್ಲಿಯೂ ಕೊನೆಯ ಕಿಲೋಗಳೇ ದುಬಾರಿ.
ಸಾರಜನಕಕ್ಕೆ ಕಿಲೋಗೆ 15 ರೂಪಾಯಿ, ಜೋಳಕ್ಕೆ 20 ಎಂದಾದರೆ,
ಬೆಲೆಗಳ ಅನುಪಾತ 0.75;
ಹೆಚ್ಚುವರಿ ಇಳುವರಿ ಅದಕ್ಕೆ ಸಮವಾಗುವ 115 ಕಿಲೋದಲ್ಲೇ ಲಾಭ ಗರಿಷ್ಠ.
ಉಳಿದ 5 ಕಿಲೋಗೆ 75 ರೂಪಾಯಿ ಸುರಿದರೂ
ಮರಳುವುದು 2 ಕಿಲೋಗಿಂತ ಕಡಿಮೆ ಜೋಳ.

ಕೊನೆಗೆ ಮಣ್ಣು, ಹಲವರು ಎಡವುವುದು ಇಲ್ಲಿಯೇ.
ಯೂರಿಯಾದಲ್ಲಿ ಸಾರಜನಕ ಶೇ 46 ಇರುವುದರಿಂದ
115 ಕಿಲೋಗೆ 250 ಕಿಲೋ ಯೂರಿಯಾ ಬೇಕು;
ಆದರೆ ಕ್ಷಾರೀಯ ಮಣ್ಣಿನ ಮೇಲೆಯೇ ಅದನ್ನು ಎರಚಿದರೆ
ಒಂದು ಪಾಲು ಅಮೋನಿಯಾ ಅನಿಲವಾಗಿ ಹಾರಿಹೋಗುವುದರಿಂದ,
ಕಂತುಗಳಲ್ಲಿ ಕೊಟ್ಟು ಮಣ್ಣಿನಿಂದ ಮುಚ್ಚಬೇಕು.

ವಿವರಣಾತ್ಮಕವಾದ ಮುಖ್ಯ ಪರೀಕ್ಷೆಯಲ್ಲಿ
120 ಎಂದಷ್ಟೇ ಬರೆದು ನಿಲ್ಲಿಸಿದ ಉತ್ತರ ಅಪೂರ್ಣ.