ಪಾಸಿಟಿವ್ ಬಂದ 98 ಮಂದಿಯಲ್ಲಿ ಕಾಯಿಲೆ ಎಷ್ಟು ಜನರಿಗೆ?

ಜರ್ಮನಿಯ ಮನಶ್ಶಾಸ್ತ್ರಜ್ಞ ಗರ್ಡ್ ಗಿಗರೆನ್ಜರ್ ತಮ್ಮ ತರಬೇತಿಗೆ ಬಂದ 160 ಸ್ತ್ರೀರೋಗ ತಜ್ಞರಿಗೆ ಒಂದು ಪ್ರಶ್ನೆ ಕೊಟ್ಟರು. ಯಾವ ತೊಂದರೆಯೂ ಇಲ್ಲದ ಮಹಿಳೆಯೊಬ್ಬರು ಸ್ತನ ಕ್ಯಾನ್ಸರ್ ತಪಾಸಣೆಗೆಂದು ಮ್ಯಾಮೊಗ್ರಾಮ್ ಮಾಡಿಸಿದ್ದಾರೆ, ಫಲಿತಾಂಶ ಪಾಸಿಟಿವ್. ಅವರಂಥ ಮಹಿಳೆಯರಲ್ಲಿ ಈ ಕ್ಯಾನ್ಸರ್ ಇರುವುದು ಶೇ. 1ರಷ್ಟು ಮಂದಿಗೆ. ಕ್ಯಾನ್ಸರ್ ಇದ್ದವರಲ್ಲಿ ಶೇ. 90 ಮಂದಿಗೆ ಪಾಸಿಟಿವ್ ಬರುತ್ತದೆ, ಇಲ್ಲದವರಲ್ಲೂ ಶೇ. 9 ಮಂದಿಗೆ ಬರುತ್ತದೆ. ಹಾಗಾದರೆ ಈಕೆಗೆ ಕ್ಯಾನ್ಸರ್ ಇರುವ ಸಾಧ್ಯತೆ ಎಷ್ಟು? ಕೊಟ್ಟಿದ್ದ ನಾಲ್ಕು ಉತ್ತರಗಳಲ್ಲಿ ಸರಿಯಾದದ್ದನ್ನು ಆರಿಸಿದವರು ಶೇ. 21 ಮಾತ್ರ. ಕಣ್ಣು ಮುಚ್ಚಿ ಚೀಟಿ ಎತ್ತಿದ್ದರೂ ಶೇ. 25 ಮಂದಿಯ ಉತ್ತರ ಸರಿಯಾಗುತ್ತಿತ್ತು. ಹೆಚ್ಚಿನವರು ಆರಿಸಿದ್ದು ಶೇ. 81 ಅಥವಾ ಶೇ. 90.

ಶೇಕಡಾವಾರನ್ನು ಪಕ್ಕಕ್ಕಿಟ್ಟು ಜನರನ್ನೇ ಎಣಿಸೋಣ. 1000 ಮಹಿಳೆಯರು ತಪಾಸಣೆಗೆ ಬಂದರು ಎಂದುಕೊಳ್ಳಿ. ಅವರಲ್ಲಿ 10 ಮಂದಿಗೆ ಕ್ಯಾನ್ಸರ್ ಇದೆ. ಪರೀಕ್ಷೆ 9 ಮಂದಿಯನ್ನು ಹಿಡಿಯುತ್ತದೆ, ಒಬ್ಬರು ತಪ್ಪಿಹೋಗುತ್ತಾರೆ. ಉಳಿದ 990 ಮಂದಿಗೆ ಕಾಯಿಲೆ ಇಲ್ಲ, ಆದರೂ ಅವರಲ್ಲಿ ಸುಮಾರು 89 ಮಂದಿಗೆ ಪಾಸಿಟಿವ್ ಬರುತ್ತದೆ. ಒಟ್ಟು ಪಾಸಿಟಿವ್ 98, ಅದರಲ್ಲಿ ಕ್ಯಾನ್ಸರ್ ಇರುವವರು 9. ಹತ್ತರಲ್ಲಿ ಒಬ್ಬರು ಎಂದರೆ ಹೆಚ್ಚುಕಡಿಮೆ ಸರಿ. ಬೇಯಸ್ ಸೂತ್ರ ಹೇಳುವುದೂ ಇಷ್ಟನ್ನೇ. ಹೀಗೆ ಎಣಿಸುವುದನ್ನು ಕಲಿಸಿದ ಮೇಲೆ ಅದೇ ವೈದ್ಯರಲ್ಲಿ ಶೇ. 87 ಮಂದಿ ಸರಿಯಾಗಿ ಉತ್ತರಿಸಿದರು.

ಪರೀಕ್ಷೆ ಕೆಟ್ಟದ್ದೆಂದು ಇದರ ಅರ್ಥವಲ್ಲ. ಕಾಯಿಲೆ ಇಲ್ಲದವರ ಗುಂಪು ತೀರಾ ದೊಡ್ಡದು, ಹಾಗಾಗಿ ಅದರ ಸಣ್ಣ ಪಾಲು ಕೂಡ ಕಾಯಿಲೆ ಇರುವವರ ಸಂಖ್ಯೆಯನ್ನು ಮೀರುತ್ತದೆ. ಗುಂಪು ಬದಲಾದರೆ ಉತ್ತರವೂ ಬದಲಾಗುತ್ತದೆ. ಗಂಟು ಕೈಗೆ ಸಿಕ್ಕಿ ಬಂದ 1000 ಮಂದಿಯಲ್ಲಿ 100 ಜನರಿಗೆ ಕ್ಯಾನ್ಸರ್ ಇದೆ ಎಂದಿಟ್ಟುಕೊಳ್ಳಿ. ಅದೇ ಪರೀಕ್ಷೆ ಅವರಲ್ಲಿ 90 ಮಂದಿಯನ್ನು ಹಿಡಿಯುತ್ತದೆ, ಕಾಯಿಲೆ ಇಲ್ಲದ 900ರಲ್ಲಿ 81 ಮಂದಿಗೆ ಸುಮ್ಮನೆ ಪಾಸಿಟಿವ್ ತೋರಿಸುತ್ತದೆ. ಈಗ ಪಾಸಿಟಿವ್ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕಾಯಿಲೆ ಇದೆ. ಆದ್ದರಿಂದ ಗಂಟು ಕಂಡವರು ಹತ್ತರಲ್ಲಿ ಒಬ್ಬರೆಂಬ ಲೆಕ್ಕ ನಂಬಿ ಸುಮ್ಮನೆ ಕೂರಬಾರದು.

ಹಾಗೆಂದು ಅದೇ ಮ್ಯಾಮೊಗ್ರಾಮನ್ನು ಮತ್ತೆ ಮಾಡಿಸಿದರೆ ಸಂಶಯ ತೀರಿಬಿಡುವುದಿಲ್ಲ. ಸ್ತನದ ದಟ್ಟ ಅಂಗಾಂಶ ಮೊದಲ ಸಲ ಗೆಡ್ಡೆಯಂತೆ ಕಂಡಿದ್ದರೆ ಎರಡನೇ ಸಲವೂ ಹಾಗೇ ಕಾಣಬಹುದು. ಅದಕ್ಕೇ ವೈದ್ಯರು ಬೇರೆ ಕೋನದ ಚಿತ್ರ, ಅಲ್ಟ್ರಾಸೌಂಡ್, ಅಗತ್ಯವಿದ್ದರೆ ಸೂಜಿಯಿಂದ ಚೂರು ತೆಗೆದು ನೋಡುವ ಬಯಾಪ್ಸಿ ಮಾಡಿಸುವುದು.

ತಪಾಸಣೆಯಲ್ಲಿ ಪಾಸಿಟಿವ್ ಬಂದರೆ ಮುಂದಿನ ಪರೀಕ್ಷೆ ತಪ್ಪಿಸಬೇಡಿ. ಜೊತೆಗೆ ವೈದ್ಯರನ್ನು ಹೀಗೆ ಕೇಳಿ: "ನನ್ನ ವಯಸ್ಸಿನ, ನನ್ನಂಥ ಸ್ಥಿತಿಯ ನೂರು ಮಂದಿಗೆ ಪಾಸಿಟಿವ್ ಬಂದರೆ, ಅವರಲ್ಲಿ ಎಷ್ಟು ಜನರಿಗೆ ನಿಜಕ್ಕೂ ಕಾಯಿಲೆ ಇರುತ್ತದೆ?"