ಹಲ್ಲು ಎಣಿಸಿದರೆ ಸೈಕಲ್ಲಿನ ಲೆಕ್ಕ ಸಿಗುತ್ತದೆ

ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಸೈಕಲ್ ತುಳಿದವರಿಗೆಲ್ಲ ದಿಣ್ಣೆಗಳ ಪರಿಚಯವಿದೆ. ಬಂಡೆಬೆಟ್ಟಗಳ ನಡುವಿನ ರಸ್ತೆಗಳು ದೂರದಿಂದ ಸಪಾಟಾಗಿ ಕಂಡರೂ ಕೆರೆ ಏರಿಯಿಂದ ಹಳ್ಳಕ್ಕೆ ಇಳಿದು, ಹಳ್ಳದಿಂದ ಮತ್ತೆ ಮೇಲಕ್ಕೆ ಹತ್ತುತ್ತಲೇ ಇರುತ್ತವೆ. ಅಂಥ ಏರಿನಲ್ಲಿ ಸವಾರ ಎದ್ದು ನಿಂತು ನಾಲ್ಕು ಸಲ ತುಳಿಯುತ್ತಾನೆ, ಐದನೆಯದಕ್ಕೆ ಇಳಿದು ತಳ್ಳಿಕೊಂಡು ಹೋಗುತ್ತಾನೆ. ಕಾಲಿನಲ್ಲಿ ಶಕ್ತಿ ಸಾಲದು ಎಂದು ಅವನು ಅಂದುಕೊಳ್ಳುತ್ತಾನೆ. ಬಹುತೇಕ ಸಲ ಸಾಲದಿರುವುದು ಶಕ್ತಿಯಲ್ಲ, ಹಿಂದಿನ ಚಕ್ರದಲ್ಲಿರುವ ಫ್ರೀವೀಲಿನ ಹಲ್ಲುಗಳು. ಎರಡು ಕಡೆ ಹಲ್ಲು ಎಣಿಸಿ, ಒಂದು ಕಡೆ ಟೇಪು ಹಿಡಿದರೆ ಯಾರು ಬೇಕಾದರೂ ಇದನ್ನು ಲೆಕ್ಕ ಹಾಕಿ ನೋಡಬಹುದು.

ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹಿಂದೊಬ್ಬರನ್ನು ಹೊತ್ತು ಇಂದಿಗೂ ಓಡಾಡುವ 28 ಇಂಚಿನ ಕಪ್ಪು ಸೈಕಲ್ಲನ್ನೇ ತೆಗೆದುಕೊಳ್ಳೋಣ. ಅದನ್ನು ತಲೆಕೆಳಗಾಗಿ ಸೀಟು ಮತ್ತು ಹ್ಯಾಂಡಲ್ ಮೇಲೆ ನಿಲ್ಲಿಸಿ. ಪೆಡಲಿಗೆ ಸೇರಿದ ದೊಡ್ಡ ಹಲ್ಲುಚಕ್ರ ಚೈನ್‌ವೀಲ್. ಅದರ ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ಅಲ್ಲಿಂದ ಸುತ್ತ ಎಣಿಸುತ್ತ ಬನ್ನಿ. ಇಂಥ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ 44 ಬರುತ್ತದೆ. ಹಿಂದಿನ ಫ್ರೀವೀಲ್ ಮೇಲೆ ಗ್ರೀಸು, ಮಣ್ಣು ಮೆತ್ತಿಕೊಂಡಿರುವುದರಿಂದ ಬಟ್ಟೆಯಲ್ಲಿ ಒರೆಸಿಕೊಂಡು ಎಣಿಸಿ. ಅಲ್ಲಿ ಸಾಮಾನ್ಯವಾಗಿ 18. ನಿಮ್ಮದರಲ್ಲಿ ಬೇರೆ ಸಂಖ್ಯೆ ಬಂದರೆ ಅದನ್ನೇ ಇಟ್ಟುಕೊಂಡು ಮುಂದಿನ ಲೆಕ್ಕ ಮಾಡಿ.

44ನ್ನು 18ರಿಂದ ಭಾಗಿಸಿದರೆ ಸುಮಾರು 2.44. ಇದೇ ಗೇರ್ ಅನುಪಾತ. ಮುಂದಿನ ಒಂದು ಹಲ್ಲು ಸರಿದರೆ ಚೈನಿನ ಒಂದು ಕೊಂಡಿ ಸರಿಯುತ್ತದೆ, ಆ ಕೊಂಡಿ ಹಿಂದೆಯೂ ಒಂದೇ ಹಲ್ಲನ್ನು ಸರಿಸುತ್ತದೆ. ಹಾಗಾಗಿ ಪೆಡಲ್ ಒಂದು ಪೂರ್ತಿ ಸುತ್ತು ಬಂದಾಗ 44 ಹಲ್ಲು ಸರಿದು, 18 ಹಲ್ಲಿನ ಫ್ರೀವೀಲ್ ಎರಡೂವರೆಗೆ ಸ್ವಲ್ಪ ಕಡಿಮೆ ಸುತ್ತು ತಿರುಗುತ್ತದೆ. ಪರೀಕ್ಷಿಸಿ ನೋಡಬೇಕೆಂದರೆ ಟ್ಯೂಬಿನ ವಾಲ್ವನ್ನು ಗುರುತಾಗಿಟ್ಟುಕೊಂಡು ಪೆಡಲನ್ನು ಕೈಯಿಂದ ನಿಧಾನವಾಗಿ ಒಂಬತ್ತು ಸುತ್ತು ತಿರುಗಿಸಿ. ಚಕ್ರ ಸರಿಯಾಗಿ 22 ಸುತ್ತು ಬರುತ್ತದೆ. 44ಕ್ಕೂ 18ಕ್ಕೂ ಇರುವ ಸಂಬಂಧ 22ಕ್ಕೂ 9ಕ್ಕೂ ಇರುವ ಸಂಬಂಧವೇ ಆದ್ದರಿಂದ ಇದು ತಪ್ಪುವುದಿಲ್ಲ.

ಅನುಪಾತ ಗೊತ್ತಾದ ಮಾತ್ರಕ್ಕೆ ವೇಗ ಗೊತ್ತಾಗುವುದಿಲ್ಲ. ಚಕ್ರ ಎಷ್ಟು ದೊಡ್ಡದು ಎಂಬುದೂ ಬೇಕು. ಸೈಕಲ್ಲನ್ನು ನೇರ ನಿಲ್ಲಿಸಿ, ವಾಲ್ವ್ ನೆಲದ ಕಡೆ ಇರುವಾಗ ನೆಲದ ಮೇಲೆ ಗೆರೆ ಎಳೆಯಿರಿ. ವಾಲ್ವ್ ಮತ್ತೆ ಕೆಳಗೆ ಬರುವವರೆಗೆ ನೇರವಾಗಿ ಮುಂದಕ್ಕೆ ತಳ್ಳಿ ಇನ್ನೊಂದು ಗೆರೆ ಎಳೆಯಿರಿ. 28 ಇಂಚಿನ ಚಕ್ರಕ್ಕೆ ಈ ಅಂತರ ಸುಮಾರು 2.23 ಮೀಟರ್. ಯಾರಾದರೂ ಮೇಲೆ ಕೂತಿದ್ದರೆ ಟೈರು ಅಮುಕಿ ಒಂದೆರಡು ಸೆಂಟಿಮೀಟರ್ ಕಡಿಮೆ ಬರಬಹುದು, ಅದೇ ನಿಜವಾದ ಅಳತೆ. 2.23ನ್ನು 44ರಿಂದ ಗುಣಿಸಿ 18ರಿಂದ ಭಾಗಿಸಿದರೆ 5.45. ಅಂದರೆ ಪೆಡಲ್ ಒಂದು ಸುತ್ತು ತುಳಿದರೆ ಸೈಕಲ್ 5.45 ಮೀಟರ್ ಹೋಗುತ್ತದೆ. ಇಡೀ ಲೇಖನದಲ್ಲಿ ನೆನಪಿಡಬೇಕಾದ ಸಂಖ್ಯೆ ಇದೊಂದೇ.

ಸ್ಪರ್ಧೆಗಳಲ್ಲಿಯೂ ಗೇರನ್ನು ಅಳೆಯುತ್ತಿದ್ದುದು ಹೀಗೆಯೇ. ವಿಶ್ವ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ 2022ರ ಕೊನೆಯವರೆಗೂ ಜೂನಿಯರ್ ಸವಾರರ ರಸ್ತೆ ಸ್ಪರ್ಧೆಯಲ್ಲಿ ಪೆಡಲಿನ ಒಂದು ಸುತ್ತಿಗೆ 7.93 ಮೀಟರಿಗಿಂತ ಹೆಚ್ಚು ಹೋಗುವ ಗೇರನ್ನು ಬಿಡುತ್ತಿರಲಿಲ್ಲ. ಎಳೆಯ ಕಾಲುಗಳು ಭಾರೀ ಗೇರಿನಲ್ಲಿ ತಿಣುಕದೆ ಚುರುಕಾಗಿ ತುಳಿಯುವುದನ್ನು ಕಲಿಯಲಿ ಎಂಬುದು ಅದರ ಹಿಂದಿನ ಆಲೋಚನೆ. 2023ರಿಂದ ಆ ಮಿತಿ ತೆಗೆದುಹಾಕಿದ್ದಾರೆ.

ಇನ್ನು ವೇಗ. ನಿಮಿಷಕ್ಕೆ ಪೆಡಲ್ ಎಷ್ಟು ಸುತ್ತು ಬರುತ್ತದೆಯೋ ಅದನ್ನು ಕೇಡೆನ್ಸ್ ಎನ್ನುತ್ತಾರೆ. ಬಲಗಾಲು ಕೆಳಗೆ ಬಂದಾಗಲೆಲ್ಲ ಒಂದು ಎಂದು ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ಸಾಕು.

ವೇಗ (ಗಂಟೆಗೆ ಕಿ.ಮೀ.) = ಒಂದು ಸುತ್ತಿನ ದೂರ (ಮೀಟರ್) × ನಿಮಿಷದ ಸುತ್ತು × 0.06

ನಿಮಿಷಕ್ಕೆ 60 ಸುತ್ತು ತುಳಿದರೆ ನಮ್ಮ ಕಪ್ಪು ಸೈಕಲ್ಲಿನ ವೇಗ 5.45 × 60 × 0.06, ಅಂದರೆ ಗಂಟೆಗೆ ಹೆಚ್ಚುಕಡಿಮೆ 19.6 ಕಿ.ಮೀ. ಆರಾಮವಾಗಿ 50 ಸುತ್ತು ತುಳಿದರೆ 16 ಕಿ.ಮೀ. ಚಿಲ್ಲರೆ. ಸಪಾಟು ರಸ್ತೆಗೆ, ಬರಿಗೈ ಸವಾರನಿಗೆ ಈ ಗೇರು ಚೆನ್ನಾಗಿಯೇ ಹೊಂದುತ್ತದೆ. ತೊಡಕು ಶುರುವಾಗುವುದು ದಿಣ್ಣೆಯಲ್ಲಿ.

ಒಬ್ಬ ಸವಾರ 20 ಮೀಟರಿಗೆ ಒಂದು ಮೀಟರ್ ಏರುವ ರಸ್ತೆ ಹತ್ತುತ್ತಿದ್ದಾನೆ ಎಂದಿಟ್ಟುಕೊಳ್ಳಿ. (ನಿಮ್ಮೂರಿನ ದಿಣ್ಣೆ ಎಷ್ಟು ಕಡಿದು ಎಂದು ತಿಳಿಯಲು ಒಂದು ಮೀಟರ್ ಉದ್ದದ ನೇರ ಪಟ್ಟಿಯ ಒಂದು ತುದಿಯನ್ನು ರಸ್ತೆಗೆ ತಾಗಿಸಿ, ಗಾರೆ ಕೆಲಸದವರ ರಸಮಟ್ಟ ಇಟ್ಟು ಸಮ ಮಾಡಿ. ಇಳಿಜಾರಿನ ಕಡೆಯ ತುದಿಯ ಕೆಳಗೆ ಐದು ಸೆಂಟಿಮೀಟರ್ ಸಂದು ಬಂದರೆ ಇದೇ ಏರು.) ಅವನ ತೂಕ 60 ಕೆ.ಜಿ., ಸೈಕಲ್ಲಿನದು 20 ಕೆ.ಜಿ., ಒಟ್ಟು 80. ಈ ಏರಿನಲ್ಲಿ ಆ 80 ಕೆ.ಜಿ.ಯ ಇಪ್ಪತ್ತನೇ ಒಂದು ಪಾಲು, ಅಂದರೆ 4 ಕೆ.ಜಿ. ಭಾರ ಸೈಕಲ್ಲನ್ನು ಹಿಂದಕ್ಕೆಳೆಯುತ್ತಿರುತ್ತದೆ. ಟೈರು ರಸ್ತೆಗೆ ಉಜ್ಜುವುದಕ್ಕೆ ಇನ್ನು 0.8 ಕೆ.ಜಿ. ಸೇರಿಸಿದರೆ ಒಟ್ಟು 4.8 ಕೆ.ಜಿ. ಎಳೆತ. ಇದೇನು ಮಹಾ ಎನ್ನಿಸಬಹುದು.

ಆದರೆ ಕಾಲಿಗೆ ಬೀಳುವುದು 4.8 ಅಲ್ಲ. ಪೆಡಲಿನ ಕ್ರ್ಯಾಂಕ್ ಸುಮಾರು 17 ಸೆಂಟಿಮೀಟರ್ ಉದ್ದವಿರುವುದರಿಂದ ಒಂದು ಸುತ್ತಿನಲ್ಲಿ ಪಾದ ಚಲಿಸುವುದು 1.07 ಮೀಟರ್. ಅಷ್ಟರಲ್ಲಿ ಸೈಕಲ್ 5.45 ಮೀಟರ್ ಹೋಗಬೇಕು, ಪಾದಕ್ಕಿಂತ ಐದು ಪಟ್ಟು ಹೆಚ್ಚು. ದೂರ ಐದು ಪಟ್ಟು ಹೆಚ್ಚಿದರೆ ಬಲವೂ ಐದು ಪಟ್ಟು ಬೇಕು. ಹಾರೆಯಿಂದ ಬಂಡೆ ಮೀಟುವಾಗ ಉದ್ದಕ್ಕೆ ಹಿಡಿದರೆ ಹಗುರ, ಗಿಡ್ಡಕ್ಕೆ ಹಿಡಿದರೆ ಭಾರ ಎಂಬ ನಿಯಮವೇ ಇದು, ಸೈಕಲ್ಲಿನಲ್ಲಿ ನಾವು ಹಾರೆಯನ್ನು ಗಿಡ್ಡಕ್ಕೆ ಹಿಡಿದಿರುತ್ತೇವೆ. 4.8ನ್ನು 5.1ರಿಂದ ಗುಣಿಸಿದರೆ ಸುಮಾರು 24.5 ಕೆ.ಜಿ. ಇದು ಸರಾಸರಿ. ಕ್ರ್ಯಾಂಕ್ ನೆಟ್ಟಗೆ ಮೇಲೆ ಅಥವಾ ಕೆಳಗೆ ಇರುವಾಗ ಎಷ್ಟು ಒತ್ತಿದರೂ ಪ್ರಯೋಜನವಿಲ್ಲದ್ದರಿಂದ, ಅದು ಅಡ್ಡಡ್ಡ ಬಂದಾಗ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು, ಅಂದರೆ 38 ಕೆ.ಜಿ. ಹತ್ತಿರ ಒತ್ತಬೇಕಾಗುತ್ತದೆ. ಕೂತಲ್ಲಿಂದ ಒಂದೇ ಕಾಲಿನಲ್ಲಿ ಪದೇಪದೇ ಅಷ್ಟು ಒತ್ತಲಾಗದೆ ಸವಾರ ಎದ್ದು ನಿಲ್ಲುತ್ತಾನೆ.

ಕ್ಯಾರಿಯರ್ ಮೇಲೆ 40 ಕೆ.ಜಿ. ಹಾಲಿನ ಕ್ಯಾನು ಇಟ್ಟರೆ ಒಟ್ಟು 120 ಕೆ.ಜಿ. ಆಯಿತು, ಎಳೆತ 7.2 ಕೆ.ಜಿ.ಗೆ ಏರಿತು. ಪೆಡಲಿನ ಮೇಲೆ ಸರಾಸರಿ 37, ಅಡ್ಡ ಬಂದ ಕ್ಷಣದಲ್ಲಿ 58 ಕೆ.ಜಿ. ಬೇಕು. ಸವಾರನ ತೂಕವೇ 60. ಇಡೀ ದೇಹವನ್ನು ಒಂದು ಪೆಡಲಿನ ಮೇಲೆ ಹೇರಿದರೂ ಅಂಚಿನಲ್ಲಿ ನಿಂತಂತೆ. ಇಳಿದು ತಳ್ಳುವುದು ಸೋಮಾರಿತನವೂ ಅಲ್ಲ, ನಿಶ್ಶಕ್ತಿಯೂ ಅಲ್ಲ, ಗೇರಿನ ಲೆಕ್ಕ ಅಲ್ಲಿಗೆ ಮುಗಿದಿರುತ್ತದೆ.

ಇದಕ್ಕೆ ಸುಲಭದ ಪರಿಹಾರವೊಂದಿದೆ. 18 ಹಲ್ಲಿನ ಫ್ರೀವೀಲ್ ಬಿಚ್ಚಿ 22 ಹಲ್ಲಿನದನ್ನು ಹಾಕಿಸುವುದು. ಆಗ ಅನುಪಾತ ಸರಿಯಾಗಿ 2, ಒಂದು ಸುತ್ತಿಗೆ 4.46 ಮೀಟರ್. ಅದೇ ದಿಣ್ಣೆಯಲ್ಲಿ ಬರಿಗೈ ಸವಾರನಿಗೆ ಸರಾಸರಿ 24.5ರ ಬದಲು 20 ಕೆ.ಜಿ., ಹಾಲಿನ ಕ್ಯಾನು ಹೊತ್ತವನಿಗೆ 37ರ ಬದಲು 30 ಕೆ.ಜಿ. ಒತ್ತಿದರೆ ಸಾಕು. ಬದಲಿಗೆ ಕೊಡಬೇಕಾದ್ದು ಸಪಾಟಿನ ವೇಗ. ನಿಮಿಷಕ್ಕೆ 60 ಸುತ್ತಿಗೆ 19.6 ಇದ್ದದ್ದು ಗಂಟೆಗೆ 16 ಕಿ.ಮೀ.ಗೆ ಇಳಿಯುತ್ತದೆ. ದಿನವೂ ಹೊರೆ ಹೊರುವವರಿಗೆ ಇದು ಲಾಭದ ವ್ಯಾಪಾರ ಎಂದೇ ನನ್ನ ಅಭಿಪ್ರಾಯ. ಸಪಾಟು ರಸ್ತೆಯಲ್ಲಿ ಬರಿಗೈಯಲ್ಲಿ ಓಡಾಡುವವರು 18ನ್ನೇ ಇಟ್ಟುಕೊಳ್ಳಲಿ.

ಹಾಕಿಸುವಾಗ ಎರಡು ವಿಷಯ ನೋಡಿಕೊಳ್ಳಬೇಕು. ಒಂದು, ಚೈನಿನ ಉದ್ದ. ನಾಲ್ಕು ಹಲ್ಲು ಹೆಚ್ಚಾದರೆ ಚೈನಿಗೆ ಸುಮಾರು ಒಂದು ಇಂಚು ಹೆಚ್ಚು ಬೇಕು. ಹಿಂದಿನ ಆ್ಯಕ್ಸಲನ್ನು ಅರ್ಧ ಇಂಚು ಮುಂದಕ್ಕೆ ಸರಿಸಲು ಜಾಗವಿದ್ದರೆ ಹಳೆಯ ಉದ್ದವೇ ಸಾಕು, ಇಲ್ಲದಿದ್ದರೆ ಎರಡು ಕೊಂಡಿ ಸೇರಿಸಬೇಕು. ಬಿಗಿದ ಮೇಲೆ ಚೈನಿನ ನಡುಭಾಗ ಬೆರಳಿಗೆ ಒಂದು, ಒಂದೂವರೆ ಸೆಂಟಿಮೀಟರ್ ಮೇಲೆ ಕೆಳಗೆ ಆಡಬೇಕು. ಎರಡು, ಚೈನಿನ ಸವೆತ. ಹೊಸ ಚೈನಿನ 24 ಕೊಂಡಿಗಳು, ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ, ಸರಿಯಾಗಿ 12 ಇಂಚು ಬರುತ್ತವೆ. ಅದು 12 ಇಂಚು ದಾಟಿ ಒಂದೆರಡು ಗೆರೆ ಮುಂದೆ ಹೋಗಿದ್ದರೆ ಆ ಚೈನು ಹೊಸ ಫ್ರೀವೀಲಿನ ಹಲ್ಲಿಗೆ ಸರಿಯಾಗಿ ಕೂರುವುದಿಲ್ಲ. ದಿಣ್ಣೆಯಲ್ಲಿ ಜೋರಾಗಿ ಒತ್ತಿದಾಗಲೇ ಟಕ್ ಎಂದು ಜಿಗಿಯುತ್ತದೆ, ಹೊಸ ಹಲ್ಲನ್ನೂ ಬೇಗ ತಿನ್ನುತ್ತದೆ. ಆಗ ಫ್ರೀವೀಲನ್ನು ದೂರುವ ಬದಲು ಚೈನನ್ನೂ ಬದಲಿಸಬೇಕು.

ಸರ್ಕಾರ 2006-07ರಿಂದ ಎಂಟನೇ ತರಗತಿಯವರಿಗೆ ಹಂಚಿದ ಸೈಕಲ್ಲುಗಳೂ ಒಂದೇ ಗೇರಿನವು. ಅವನ್ನೇ ತುಳಿದು ಬೆಳೆದ ಮನೆಗಳಲ್ಲಿ ಈಗ ‘21 ಸ್ಪೀಡ್’ ಸೈಕಲ್ ಬರುತ್ತಿದೆ. ಮುಂದೆ 42, 34, 24 ಹಲ್ಲಿನ ಮೂರು ಚಕ್ರ, ಹಿಂದೆ 14, 16, 18, 20, 22, 24, 28ರ ಏಳು ಇರುವುದು ಅದರಲ್ಲಿ ಸಾಮಾನ್ಯ ಜೋಡಣೆ. ಇಪ್ಪತ್ತೊಂದೂ ಬೇರೆ ಬೇರೆ ಎಂದು ತಿಳಿಯಬೇಡಿ. ಮುಂದೆ 42 ಹಿಂದೆ 24 ಹಾಕಿದರೆ 1.75, ಮುಂದೆ 34 ಹಿಂದೆ 20 ಹಾಕಿದರೆ 1.70, ಮುಂದೆ 24 ಹಿಂದೆ 14 ಹಾಕಿದರೆ 1.71. ಮೂರೂ ಕಾಲಿಗೆ ಒಂದೇ. ಇವುಗಳಲ್ಲಿ ನಡುವಿನ ಜೋಡಿಯೇ ಒಳ್ಳೆಯದು, ಕೊನೆಯದರಲ್ಲಿ ಚೈನು ಓರೆಯಾಗಿ ಉಜ್ಜಿ ಸದ್ದು ಮಾಡುತ್ತದೆ, ಬೇಗ ಸವೆಯುತ್ತದೆ.

ಹೊಸಬರು ಸಾಮಾನ್ಯವಾಗಿ ಎಡಗೈ ಕಡೆಯ ಗೇರನ್ನು 3ಕ್ಕೆ, ಬಲಗೈ ಕಡೆಯದನ್ನು 7ಕ್ಕೆ ತಿರುಗಿಸಿ ಅಲ್ಲೇ ಬಿಟ್ಟುಬಿಡುತ್ತಾರೆ. ಅದು 42ಕ್ಕೆ 14, ಅನುಪಾತ 3. 26 ಇಂಚಿನ ಚಕ್ರದ ಸುತ್ತಳತೆ 2.05 ಮೀಟರ್ ಆದ್ದರಿಂದ ಒಂದು ಸುತ್ತಿಗೆ 6.15 ಮೀಟರ್, ಕಪ್ಪು ಸೈಕಲ್ಲಿಗಿಂತಲೂ ಭಾರ. ನಿಮಿಷಕ್ಕೆ 40 ಸುತ್ತು ತಿಣುಕಿ ಗಂಟೆಗೆ 15 ಕಿ.ಮೀ. ಹೋಗುತ್ತಾರೆ, ಸಂಜೆಗೆ ಮಂಡಿ ನೋವು ಎನ್ನುತ್ತಾರೆ. ಮುಂದೆ 34, ಹಿಂದೆ 18 ಹಾಕಿ ನಿಮಿಷಕ್ಕೆ 70 ಸುತ್ತು ಹಗುರವಾಗಿ ತುಳಿದರೆ ವೇಗ ಗಂಟೆಗೆ 16 ಕಿ.ಮೀ. ದಾಟುತ್ತದೆ, ಪ್ರತಿ ತುಳಿತದ ಒತ್ತಡ ಮಾತ್ರ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆ.

ಅದೇ ದಿಣ್ಣೆಗೆ ಈ ಸೈಕಲ್ಲನ್ನು ಮುಂದೆ 24, ಹಿಂದೆ 28ರಲ್ಲಿ ತಂದರೆ ಒಂದು ಸುತ್ತಿಗೆ 1.76 ಮೀಟರ್. ಎಳೆತ ಅದೇ 4.8 ಕೆ.ಜಿ., ಪೆಡಲಿನ ಮೇಲೆ ಸರಾಸರಿ 8 ಕೆ.ಜಿ. ಗಂಟೆಗೆ ಏಳೂವರೆ ಕಿ.ಮೀ. ವೇಗಕ್ಕೆ ಕಪ್ಪು ಸೈಕಲ್ಲಿನಲ್ಲಿ ನಿಮಿಷಕ್ಕೆ 23 ಸುತ್ತು, ಇದರಲ್ಲಿ 71 ಸುತ್ತು. ಹತ್ತಿದ ಎತ್ತರವೂ ಒಂದೇ, ಮಾಡಿದ ಕೆಲಸವೂ ಒಂದೇ. ಗೇರು ಕೆಲಸವನ್ನು ಕಡಿಮೆ ಮಾಡುವುದಿಲ್ಲ, ಕಾಲು ತಾಳುವಷ್ಟು ಚಿಕ್ಕ ತುಂಡುಗಳಾಗಿ ಹಂಚುತ್ತದೆ ಅಷ್ಟೆ. ಆಷಾಢದ ಎದುರು ಗಾಳಿಯಲ್ಲೂ ಇದೇ ಸೂತ್ರ: ವೇಗ ಬಿಟ್ಟುಕೊಡಿ, ಸುತ್ತು ಬಿಟ್ಟುಕೊಡಬೇಡಿ. ದಿಣ್ಣೆಯ ಬುಡದಲ್ಲೇ, ಪೆಡಲ್ ಇನ್ನೂ ಹಗುರವಾಗಿರುವಾಗಲೇ ಗೇರ್ ಇಳಿಸಿ. ನಡುವೆ ಪೂರ್ತಿ ಭಾರ ಹಾಕಿ ತುಳಿಯುತ್ತ ಬದಲಿಸಿದರೆ ಚೈನು ಕಳಚಿಕೊಳ್ಳುತ್ತದೆ.

ಮುಂದಿನ ಸಲ ಸೈಕಲ್ ಕೊಳ್ಳಲು ಹೋದಾಗ ‘ಎಷ್ಟು ಸ್ಪೀಡ್’ ಎಂದು ಕೇಳಬೇಡಿ. ಮುಂದಿನ ಅತಿ ಚಿಕ್ಕ ಚಕ್ರಕ್ಕೆ ಎಷ್ಟು ಹಲ್ಲು, ಹಿಂದಿನ ಅತಿ ದೊಡ್ಡದಕ್ಕೆ ಎಷ್ಟು ಹಲ್ಲು ಎಂದು ಕೇಳಿ. ಹಿಂದಿನದು ಮುಂದಿನದಕ್ಕಿಂತ ಹೆಚ್ಚಿದ್ದರೆ ಆ ಸೈಕಲ್ ನಮ್ಮ ಕಡೆಯ ದಿಣ್ಣೆ ಹತ್ತುತ್ತದೆ.