ರಿಜ್‌ನ ಅಪ್ಪ ಯಾರು?

ಅಮೆರಿಕದ ‘ದ ಬೋಲ್ಡ್ ಅಂಡ್ ದ ಬ್ಯೂಟಿಫುಲ್’ ಧಾರಾವಾಹಿ 1987ರ ಮಾರ್ಚ್‌ನಲ್ಲಿ ಶುರುವಾಯಿತು. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆಯಂತೆ ನಡೆಯುತ್ತಾ 9,000ಕ್ಕೂ ಹೆಚ್ಚು ಕಂತುಗಳನ್ನು ದಾಟಿದೆ. 1990ರ ದಶಕದ ಆರಂಭದಲ್ಲಿ ಕೇಬಲ್ ಟಿವಿ ಬಂದಾಗ ಇದನ್ನು ಸ್ಟಾರ್ ಪ್ಲಸ್‌ನಲ್ಲಿ ನೋಡಿದವರು ನಮ್ಮಲ್ಲೂ ಇದ್ದಾರೆ. ಲಾಸ್ ಏಂಜಲೀಸ್‌ನಲ್ಲಿ ಬಟ್ಟೆ ವಿನ್ಯಾಸದ ಕಂಪನಿ ನಡೆಸುವ ಫಾರೆಸ್ಟರ್ ಕುಟುಂಬದ ಕಥೆ ಇದು. ಅಪ್ಪ ಎರಿಕ್, ಅಮ್ಮ ಸ್ಟೆಫನಿ, ದೊಡ್ಡ ಮಗ ರಿಜ್, ಅವನ ತಮ್ಮ ಥಾರ್ನ್, ಇಬ್ಬರು ತಂಗಿಯರು. ಮೊದಲ ದಿನ ಈ ವಂಶವೃಕ್ಷ ಒಂದು ಚೀಟಿಯ ಹಿಂಬದಿಯಲ್ಲಿ ಹಿಡಿಸುತ್ತಿತ್ತು.

ಅಲ್ಲಿಗೆ ಬ್ರುಕ್ ಲೋಗನ್ ಬಂದಳು. ಬೇರೆ ಬೇರೆ ಕಾಲದಲ್ಲಿ ಅವಳು ಎರಿಕ್‌ನನ್ನೂ, ರಿಜ್‌ನನ್ನೂ, ಥಾರ್ನ್‌ನನ್ನೂ ಮದುವೆಯಾದಳು. ರಿಜ್ ಜೊತೆಗಂತೂ ಮದುವೆ, ಬಿಡುಗಡೆ, ಮತ್ತೆ ಮದುವೆ. ಹಾಗಾಗಿ ಸ್ಟೆಫನಿಗೆ ಅವಳು ಒಮ್ಮೆ ಸವತಿ, ಒಮ್ಮೆ ಸೊಸೆ. ಇಂಥ ಮನೆಯ ವಂಶವೃಕ್ಷ ಬರೆಯಲು ಕೂತವರು ಹೆಚ್ಚಾಗಿ ದಂಪತಿಗಳನ್ನು ಮೊದಲು ಬರೆದು, ಅವರ ಕೆಳಗೆ ಮಕ್ಕಳನ್ನು ಇಳಿಸುತ್ತಾರೆ. ಮೂರನೇ ಮದುವೆಯ ಹೊತ್ತಿಗೆ ಒಬ್ಬಳೇ ಬ್ರುಕ್ ಕಾಗದದ ಮೂರು ಕಡೆ ಕಾಣಿಸಿಕೊಳ್ಳುತ್ತಾಳೆ. ಚಿತ್ರ ಕೆಡುವುದು ಅಲ್ಲೇ.

ಮದುವೆಗಳ ಬದಲು ಮಕ್ಕಳಿಂದ ಶುರು ಮಾಡಿದರೆ ದಾರಿ ಸಿಗುತ್ತದೆ. ಮದುವೆಗೆ ಲೆಕ್ಕವಿಲ್ಲ, ಮುರಿಯುವುದಕ್ಕೂ ಲೆಕ್ಕವಿಲ್ಲ. ಆದರೆ ಒಂದು ಮಗುವಿಗೆ ಹೆತ್ತವರು ಇಬ್ಬರೇ. ಪ್ರತಿಯೊಬ್ಬರ ಹೆಸರನ್ನೂ ಒಂದೇ ಸಲ ಬರೆಯಬೇಕು. ಹೆತ್ತವರಿಂದ ಮಗುವಿಗೆ ಒಂದು ಗಟ್ಟಿ ಗೆರೆ. ಸಾಕಿದವರು ಬೇರೆಯಾದರೆ ಅವರಿಂದ ಚುಕ್ಕಿ ಗೆರೆ. ಮದುವೆಗೆ ಜೋಡಿ ಗೆರೆ, ಅದರ ಮೇಲೆ ಎಷ್ಟನೆಯದು ಎಂಬ ಅಂಕಿ. ಪ್ರತಿ ಗಟ್ಟಿ ಗೆರೆಯ ಪಕ್ಕದಲ್ಲಿ ಆ ಸಂಗತಿ ಕಥೆಯಲ್ಲಿ ಯಾವಾಗ ಬಯಲಾಯಿತು ಎಂಬುದನ್ನೂ ಗುರುತು ಹಾಕಬೇಕು. ಗುಟ್ಟಿನ ಮಕ್ಕಳಿರುವ ಕಥೆಯಲ್ಲಿ ಈ ಕೊನೆಯ ಗುರುತೇ ಮುಖ್ಯ.

ಬ್ರಿಜೆಟ್ ಎಂಬ ಹುಡುಗಿಯನ್ನೇ ನೋಡಿ. ಅವಳನ್ನು ಹೆತ್ತವಳು ಬ್ರುಕ್ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಅಪ್ಪ ಎರಿಕ್ಕೋ ರಿಜ್ಜೋ ಎಂಬುದೇ ಪ್ರಶ್ನೆಯಾಗಿತ್ತು. ಎರಿಕ್‌ನ ಮೇಲೆ ಕಣ್ಣಿಟ್ಟಿದ್ದ ಶೀಲಾ ಕಾರ್ಟರ್ ಎಂಬ ನರ್ಸ್ ಪಿತೃತ್ವ ಪರೀಕ್ಷೆಯಲ್ಲಿ ಕೈವಾಡ ನಡೆಸಿ, ಫಲಿತಾಂಶ ರಿಜ್ ಕಡೆಗೆ ಬರುವಂತೆ ಮಾಡಿದಳು. ಆಗ ಗಟ್ಟಿ ಗೆರೆ ರಿಜ್‌ನಿಂದ ಬ್ರಿಜೆಟ್‌ಗೆ. ಮುಂದೆ ಸತ್ಯ ಹೊರಬಿದ್ದು ಅಪ್ಪ ಎರಿಕ್ ಎಂದಾಯಿತು. ಈಗ ಅವಳು ರಿಜ್‌ಗೆ ಮಗಳಲ್ಲ, ಒಬ್ಬ ಅಪ್ಪನಿಗೆ ಹುಟ್ಟಿದ ತಂಗಿ.

2001ರಲ್ಲಿ ಇನ್ನೊಂದು ಗುಟ್ಟು ಒಡೆಯಿತು. ರಿಜ್‌ನೇ ಎರಿಕ್‌ಗೆ ಹುಟ್ಟಿದವನಲ್ಲ; ಸ್ಟೆಫನಿಯ ಹಳೆಯ ಗೆಳೆಯ ಮಾಸ್ಸಿಮೊ ಮರೋನ್ ಅವನ ಅಪ್ಪ. ಈಗ ಎರಿಕ್‌ನಿಂದ ರಿಜ್‌ಗಿದ್ದ ಗಟ್ಟಿ ಗೆರೆ ಚುಕ್ಕಿ ಗೆರೆಯಾಗುತ್ತದೆ, ಮಾಸ್ಸಿಮೊನಿಂದ ಹೊಸ ಗಟ್ಟಿ ಗೆರೆ ಬರುತ್ತದೆ. ಬ್ರಿಜೆಟ್‌ಗೆ ಸಂಬಂಧಿಸಿದ ಒಂದು ಗೆರೆಯನ್ನೂ ನಾವು ಮುಟ್ಟಿಲ್ಲ. ಆದರೂ ಅವಳಿಗೂ ರಿಜ್‌ಗೂ ಇದ್ದ ರಕ್ತಸಂಬಂಧ ಕಡಿದುಹೋಯಿತು. ಮೊದಲು ಮಗಳು, ಆಮೇಲೆ ತಂಗಿ, ಕೊನೆಗೆ ರಕ್ತದಲ್ಲಿ ಏನೂ ಅಲ್ಲ. ರಿಜ್ ಅವಳ ಅಮ್ಮನನ್ನು ಮದುವೆಯಾದಾಗಲೆಲ್ಲ ಮಲತಂದೆ ಎಂಬ ನಂಟು ಮಾತ್ರ ಉಳಿಯುತ್ತದೆ, ಅದು ಜೋಡಿ ಗೆರೆಯ ಮೂಲಕ ಬಂದದ್ದು.

ಒಂದು ಗೆರೆ ಬದಲಾದರೆ ದೂರದವರ ನಂಟೂ ಬದಲಾಗುತ್ತದೆ ಎಂಬುದನ್ನು ಕಥೆ ಬರೆಯುವವರು ಚೆನ್ನಾಗಿ ಬಲ್ಲರು. ಬ್ರಿಜೆಟ್‌ಳ ಅಣ್ಣ ರಿಕ್, ಎರಿಕ್ ಮತ್ತು ಬ್ರುಕ್ ದಂಪತಿಯ ಮಗ. ರಿಜ್‌ನ ಮಗಳು ಸ್ಟೆಫಿ. ಹಳೆಯ ಲೆಕ್ಕದಲ್ಲಿ ರಿಕ್ ಅವಳಿಗೆ ಚಿಕ್ಕಪ್ಪ. 2001ರ ನಂತರ ಇಬ್ಬರ ನಡುವೆ ರಕ್ತದ ಗೆರೆ ಇಲ್ಲ, ಹಾಗಾಗಿ ಮುಂದೆ ಅವರಿಬ್ಬರ ಪ್ರೇಮಕಥೆಗೆ ಜಾಗವಾಯಿತು. ಮನೆಯವರು ಮುಖ ಸಿಂಡರಿಸಿದ್ದು ಚುಕ್ಕಿ ಗೆರೆಯನ್ನು ನೋಡಿ. ಇತ್ತ ಮಾಸ್ಸಿಮೊನ ಇನ್ನೊಬ್ಬ ಮಗ ನಿಕ್ ರಿಜ್‌ಗೆ ತಮ್ಮನಾದ. ಬ್ರುಕ್ ಅವನನ್ನೂ ಮದುವೆಯಾದಳು.

ಹಳೆಯ ಗೆರೆಯನ್ನು ಅಳಿಸಬಾರದು. ಅಡ್ಡಗೀಟು ಹಾಕಿ, ಪಕ್ಕದಲ್ಲಿ ವರ್ಷ ಬರೆದರೆ ಸಾಕು. ಅಳಿಸಿಬಿಟ್ಟರೆ 1995ರ ಕಂತು ನೋಡುವಾಗ ಎರಿಕ್ ಏಕೆ ಅಷ್ಟು ಹಕ್ಕಿನಿಂದ ರಿಜ್‌ನನ್ನು ಗದರುತ್ತಾನೆ ಎಂದು ತಿಳಿಯುವುದಿಲ್ಲ. ಪುರಾವೆ ಯಾವುದು ಎಂಬುದನ್ನೂ ಗುರುತು ಹಾಕಿದರೆ ಒಳ್ಳೆಯದು. ರಕ್ತದ ಗುಂಪು ‘ಇವನು ಅಪ್ಪನಲ್ಲ’ ಎಂದು ಹೇಳಬಲ್ಲದು: ಓ ಗುಂಪಿನ ಅಪ್ಪನಿಗೆ ಸಾಮಾನ್ಯವಾಗಿ ಎಬಿ ಗುಂಪಿನ ಮಗು ಹುಟ್ಟುವುದಿಲ್ಲ. ‘ಇವನೇ ಅಪ್ಪ’ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಡಿಎನ್ಎ ಪರೀಕ್ಷೆಗೆ ಆ ಶಕ್ತಿ ಇದೆ, ಆದರೆ ಧಾರಾವಾಹಿಯಲ್ಲಿ ಮಾದರಿ ಯಾರ ಕೈಯಲ್ಲಿತ್ತು ಎಂದು ಮೊದಲು ಕೇಳಬೇಕು.

ಎರಡು ಕಡೆ ಎಲ್ಲರೂ ಮುಗ್ಗರಿಸುತ್ತಾರೆ. ಒಂದು, ವಯಸ್ಸು. ಬ್ರುಕ್‌ಳ ಮಗಳು ಹೋಪ್ ಹುಟ್ಟಿದ್ದು 2002ರಲ್ಲಿ. ಅವಳ ಅಪ್ಪ ಡೀಕನ್ ಆಗ ತಾನೇ ಬ್ರಿಜೆಟ್‌ಳ ಗಂಡನಾಗಿದ್ದವನು, ಅಂದರೆ ಬ್ರುಕ್‌ಗೆ ಅಳಿಯ. 2010ರಲ್ಲಿ ಅದೇ ಹೋಪ್ ಪ್ರಾಯಕ್ಕೆ ಬಂದ ಹುಡುಗಿಯಾಗಿ ಮರಳಿದಳು. ಎಂಟು ವರ್ಷದ ಲೆಕ್ಕ ಹಾಕಿ ‘ಇವಳು ಬೇರೆ ಹೋಪ್ ಇರಬೇಕು’ ಎಂದುಕೊಂಡರೆ ತಪ್ಪು. ಮಕ್ಕಳನ್ನು ಬೇಗ ಬೆಳೆಸುವುದು ಈ ಬಗೆಯ ಧಾರಾವಾಹಿಗಳ ವಾಡಿಕೆ. ಇನ್ನೊಂದು, ಮುಖ. ರಿಜ್‌ನ ಪಾತ್ರವನ್ನು 2012ರವರೆಗೆ ರಾನ್ ಮಾಸ್ ಮಾಡಿದರು, 2013ರ ಕೊನೆಯಿಂದ ಥೋರ್ಸ್ಟನ್ ಕೇ ಮಾಡುತ್ತಿದ್ದಾರೆ. ನಟ ಬದಲಾದ ಮಾತ್ರಕ್ಕೆ ಹೊಸ ಹೆಸರು ಸೇರಿಸಬೇಕಿಲ್ಲ.

‘ಹೆತ್ತವರು ಇಬ್ಬರೇ’ ಎಂಬ ನಿಯಮವೂ ಒಂದು ಕಡೆ ಸೋಲುತ್ತದೆ. ಟೇಲರ್, ರಿಜ್‌ನ ಇನ್ನೊಬ್ಬ ಹೆಂಡತಿಯಾಗಿದ್ದವಳು, ನಿಕ್‌ನ ಮಗುವನ್ನು ಹೊತ್ತು ಹೆತ್ತಳು. ಪ್ರಯೋಗಾಲಯದಲ್ಲಿ ಆದ ಅದಲು ಬದಲಿನಿಂದ ಅಂಡಾಣು ಮಾತ್ರ ಬ್ರುಕ್‌ಳದ್ದು. ಆ ಮಗು ಜ್ಯಾಕ್‌ಗೆ ಗಟ್ಟಿ ಗೆರೆಗಳು ಬ್ರುಕ್ ಮತ್ತು ನಿಕ್‌ರಿಂದ ಬರಬೇಕು. ಟೇಲರ್‌ಗೆ ಬೇರೆ ಬಣ್ಣದ ಮೂರನೇ ಗೆರೆಯನ್ನೇ ಎಳೆಯಬೇಕು.

ಸತ್ತವರ ಹೆಸರಿನ ಪಕ್ಕ ‘ಸತ್ತಳಂತೆ’ ಎಂದು ಬರೆದಿಟ್ಟರೆ ಕ್ಷೇಮ. 2002ರಲ್ಲಿ ಶೀಲಾಳ ಗುಂಡಿಗೆ ಟೇಲರ್ ಸತ್ತಳು, 2005ರಲ್ಲಿ ಬದುಕಿ ಬಂದಳು. ಶೀಲಾ ಕೂಡ ಈ ಧಾರಾವಾಹಿಗೆ ಬಂದದ್ದೇ ಇನ್ನೊಂದರಲ್ಲಿ ಬೆಂಕಿಗೆ ಬಿದ್ದು ಸತ್ತಳೆಂದು ಎಲ್ಲರೂ ನಂಬಿದ ಮೇಲೆ. 2021ರಲ್ಲಿ ಟೇಲರ್‌ಳ ಮಗಳು ಸ್ಟೆಫಿ, ಫಿನ್ ಎಂಬ ಡಾಕ್ಟರನ್ನು ಮದುವೆಯಾದ ದಿನ ಶೀಲಾ ಬಂದು ‘ನಾನೇ ನಿನ್ನ ಹೆತ್ತ ತಾಯಿ’ ಎಂದು ಫಿನ್‌ಗೆ ಹೇಳಿದಳು. ಅವನನ್ನು ದತ್ತು ತಂದು ಸಾಕಿದವರು ಜ್ಯಾಕ್ ಮತ್ತು ಲೀ ಫಿನ್ನೆಗನ್. ಸಾಕಿದ ಆ ಜ್ಯಾಕ್‌ನೇ ಹುಟ್ಟಿಸಿದ ಅಪ್ಪ ಎಂಬುದೂ ಆಮೇಲೆ ಬಯಲಾಯಿತು. ಜ್ಯಾಕ್‌ನಿಂದ ಬಂದ ಚುಕ್ಕಿ ಗೆರೆ ಗಟ್ಟಿಯಾಗಿ, ಲೀಯದ್ದು ಚುಕ್ಕಿಯಾಗಿಯೇ ಉಳಿಯಿತು. ಶೀಲಾಳಿಂದ ಫಿನ್‌ಗೆ, ಫಿನ್‌ನಿಂದ ಸ್ಟೆಫಿಗೆ, ಸ್ಟೆಫಿಯಿಂದ ಟೇಲರ್‌ಗೆ ಬೆರಳಿಟ್ಟು ಹೋದರೆ ಗುಂಡು ಹೊಡೆದವಳೂ ಹೊಡೆಸಿಕೊಂಡವಳೂ ಈಗ ಬೀಗಿತಿಯರು.